ಸುರತ್ಕಲ್ ಮೊದಲು ಬರೆದರೆ ಧಾರವಾಡ ಕೈತಪ್ಪುತ್ತದೆಯೇ?

ಸೀಟು ಹಂಚಿಕೆಗೆ ಚಾಯ್ಸ್ ತುಂಬುವ ದಿನ ಮನೆಮನೆಯಲ್ಲೂ ಕೇಳುವ ಮಾತೊಂದಿದೆ: “ಸಿಗದ ಕಾಲೇಜನ್ನು ಮೇಲೆ ಬರೆದು, ಸಿಗುವುದನ್ನೂ ಕಳೆದುಕೊಳ್ಳಬೇಡ.” ಐಐಟಿ, ಎನ್‌ಐಟಿಗಳ ಜಂಟಿ ಹಂಚಿಕೆಯಾದ ಜೋಸಾದಲ್ಲಿ ಈ ಭಯಕ್ಕೆ ಕಾರಣವಿಲ್ಲ. ಏಕೆಂದು ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡೋಣ.

ಧಾರವಾಡ ಐಐಟಿಯಲ್ಲಿ ಒಂದು, ಸುರತ್ಕಲ್ ಎನ್‌ಐಟಿಕೆಯಲ್ಲಿ ಒಂದು ಸೀಟು ಉಳಿದಿದೆ ಎನ್ನಿ. ಧಾರವಾಡ ನೋಡುವುದು ಜೆಇಇ ಅಡ್ವಾನ್ಸ್ಡ್ ರ್‍ಯಾಂಕನ್ನು. ಅದರಲ್ಲಿ ಚೇತನ ಮುಂದೆ, ನಂತರ ಅನಘಾ, ಕೊನೆಗೆ ಭರತ. ಸುರತ್ಕಲ್ ನೋಡುವುದು ಜೆಇಇ ಮೇನ್ ರ್‍ಯಾಂಕನ್ನು; ಅಲ್ಲಿ ಅನಘಾ, ಭರತ, ಚೇತನ ಎಂಬ ಕ್ರಮ. ಅನಘಾಗೆ ಧಾರವಾಡವೇ ಮೊದಲ ಆಸೆ. ಹುಡುಗರಿಬ್ಬರೂ ಸುರತ್ಕಲ್ ಮೊದಲು, ಧಾರವಾಡ ಆಮೇಲೆ ಎಂದು ಬರೆದಿದ್ದಾರೆ. ಮೂವರ ಪಟ್ಟಿಯ ಕೊನೆಯಲ್ಲೂ ರಾಯಚೂರಿನ ಐಐಐಟಿ ಇದೆ.

ಮೊದಲ ಆಯ್ಕೆಗೇ ಸೀಟು ಕೊಟ್ಟು ಬಾಗಿಲು ಹಾಕಿಬಿಟ್ಟರೆ ಧಾರವಾಡ ಅನಘಾಗೆ, ಸುರತ್ಕಲ್ ಭರತನಿಗೆ. ಚೇತನ ರಾಯಚೂರಿಗೆ ಹೋಗಬೇಕು. ಧಾರವಾಡಕ್ಕೆ ಬೇಕಾದ ರ್‍ಯಾಂಕ್ ಅನಘಾಗಿಂತ ಅವನಿಗೇ ಚೆನ್ನಾಗಿದೆ! “ಧಾರವಾಡವನ್ನೇ ಮೊದಲು ಬರೆಯಬೇಕಿತ್ತು” ಎಂಬ ಕೊರಗು ಹುಟ್ಟುವುದು ಇಲ್ಲೇ.

1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ತೋರಿಸಿದ ದಾರಿ ಬಹಳ ಸರಳ: ಯಾರಿಗೂ ಆಗಲೇ ಖಾಯಂ ಮಾಡಬೇಡಿ, ಸೀಟನ್ನು ಸದ್ಯಕ್ಕೆ ಹಿಡಿದಿಡಿ. ಸುರತ್ಕಲ್ ಭರತನನ್ನು ಹಿಡಿದುಕೊಂಡು ಚೇತನನನ್ನು ಬಿಡುತ್ತದೆ. ಚೇತನ ಧಾರವಾಡದ ಬಾಗಿಲು ತಟ್ಟುತ್ತಾನೆ. ಅವನ ರ್‍ಯಾಂಕ್ ಮೇಲಿರುವುದರಿಂದ ಅನಘಾ ಹೊರಬೀಳುತ್ತಾಳೆ. ಅವಳು ಸುರತ್ಕಲ್‌ಗೆ ಬಂದಾಗ ಭರತ ಜಾಗ ಬಿಡಬೇಕಾಗುತ್ತದೆ. ಧಾರವಾಡದಲ್ಲೂ ಚೇತನ ಅವನಿಗಿಂತ ಮುಂದಿದ್ದಾನೆ, ಹಾಗಾಗಿ ಭರತನಿಗೆ ರಾಯಚೂರು. ಇನ್ನು ಕದಲುವವರಿಲ್ಲ, ಸೀಟುಗಳು ಖಾಯಂ ಆಗುವುದು ಈಗಲೇ. ಈ ಓಡಾಟವೆಲ್ಲ ಕಂಪ್ಯೂಟರಿನ ಒಳಗೇ ಮುಗಿದು ಫಲಿತಾಂಶ ಮಾತ್ರ ಹೊರಬರುವುದರಿಂದ, ಕೈಗೆ ಬಂದ ಸೀಟನ್ನು ಭರತನಿಂದ ಯಾರೂ ಕಿತ್ತುಕೊಂಡಂತಲ್ಲ.

ಸುರತ್ಕಲ್ ಮೊದಲು ಬರೆದದ್ದರಿಂದ ಚೇತನ ಕಳೆದುಕೊಂಡದ್ದೇನೂ ಇಲ್ಲ. ತಡವಾಗಿ ಬಂದರೂ ಧಾರವಾಡದಲ್ಲಿ ಅವನ ರ್‍ಯಾಂಕಿನ ಬೆಲೆ ಅಷ್ಟೇ ಇತ್ತು. ಹಾಗಾಗಿ ಮನಸ್ಸಿನಲ್ಲಿರುವ ಕ್ರಮದಲ್ಲೇ ಬರೆಯಬೇಕು, ಎರಡನೆಯ ಯೋಚನೆ ಬೇಡ. ಆದರೆ ಪಟ್ಟಿಯಲ್ಲಿ ಬರೆಯದ ಕಾಲೇಜಿನ ಬಾಗಿಲನ್ನು ನಿಮ್ಮ ಪರವಾಗಿ ಯಾರೂ ತಟ್ಟುವುದಿಲ್ಲ. ಸುತ್ತುಗಳ ನಡುವೆ ಅವಸರದಲ್ಲಿ ‘ಫ್ರೀಜ್’ ಒತ್ತಿದರೆ ಮೇಲಿನ ಆಯ್ಕೆಗಳೂ ಅಲ್ಲಿಗೆ ಮುಗಿದವು. ಈ ಎರಡು ತಪ್ಪುಗಳಿಂದ ಯಾವ ಗಣಿತವೂ ಕಾಪಾಡದು.

ಭರತನಿಗೆ ಬೇಸರವಾಗಿರುತ್ತದೆ, ನಿಜ. ಆದರೆ ಜೋಸಾ ಪ್ರತಿ ಸುತ್ತಿನಲ್ಲೂ ಸೀಟು ಪಡೆದ ಕೊನೆಯವರ ರ್‍ಯಾಂಕನ್ನು ಪ್ರಕಟಿಸುತ್ತದೆ. ತನ್ನ ವರ್ಗದ, ತನ್ನ ಕೋಟಾದ ಸಾಲಿನಲ್ಲಿ ಆ ಸಂಖ್ಯೆಯನ್ನು ತನ್ನದರ ಪಕ್ಕ ಇಟ್ಟು ನೋಡಿದರೆ, ಸುರತ್ಕಲ್ ಆಗಲಿ ಧಾರವಾಡವಾಗಲಿ ತನಗಿಂತ ಹಿಂದಿನವರ ಪಾಲಾಗಿಲ್ಲ ಎಂಬುದು ಅವನಿಗೇ ಕಾಣುತ್ತದೆ.