ಮನೆಗೆ ಹೋದ ಮೇಲೆ ಎಷ್ಟು ನಡೆಯಬೇಕು, ಎಲ್ಲಿ ನಿಲ್ಲಬೇಕು

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿ ಒಂದು ಫೈಲು, ಒಂದು ಚೀಲ ಮಾತ್ರೆ ಕೊಡುತ್ತಾರೆ. ಸಲಹೆಗಳ ಮೂಟೆ ಮನೆಯಲ್ಲಿ ಕಾದಿರುತ್ತದೆ. ನೋಡಲು ಬಂದವರಲ್ಲಿ ಒಬ್ಬರು ಅಲುಗಾಡಲೇಬೇಡಿ ಎಂದರೆ, ಇನ್ನೊಬ್ಬರು ನಾಳೆಯಿಂದಲೇ ಪಾರ್ಕಿಗೆ ಕರೆಯುತ್ತಾರೆ. ಇಬ್ಬರ ಮಾತನ್ನೂ ಬಿಟ್ಟು ನೀವು ಏನು ಮಾಡಬೇಕೆಂಬುದು ಇಲ್ಲಿದೆ. ಇದು ತೊಡಕಿಲ್ಲದೆ ಚೇತರಿಸಿಕೊಂಡು ಮನೆಗೆ ಹೊರಟವರಿಗೆ ಬರೆದದ್ದು. ಹೃದಯದ ಪಂಪಿಂಗ್ ತೀರಾ ಕಡಿಮೆ ಇದ್ದರೆ, ಇನ್ನೊಂದು ಬ್ಲಾಕ್ ಬಾಕಿ ಉಳಿದಿದ್ದರೆ, ಅಥವಾ ಬೈಪಾಸ್ ಆಗಿದ್ದರೆ ನಡಿಗೆಯ ಅಳತೆಯನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ.

“ಆರು ವಾರ ಮಂಚ ಬಿಟ್ಟು ಇಳಿಯಬಾರದು”

ಒಂದು ಕಾಲಕ್ಕೆ ವೈದ್ಯರೇ ಹೀಗೆ ಹೇಳುತ್ತಿದ್ದರು. ಪೆಟ್ಟು ತಿಂದ ಸ್ನಾಯುವಿನ ಜಾಗದಲ್ಲಿ ಗಟ್ಟಿಯಾದ ಕಲೆ ಕಟ್ಟಲು ಆರರಿಂದ ಎಂಟು ವಾರ ಬೇಕು, ಅಲ್ಲಿಯವರೆಗೆ ಅಲುಗಿದರೆ ಅಪಾಯ ಎಂಬುದು ಆಗಿನ ಲೆಕ್ಕ. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಮೊದಲ ದಿನಗಳಲ್ಲೇ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ಅನುಭವವನ್ನು ಪ್ರಕಟಿಸಿದರು. ಕೂತವರಿಗೆ ಕೆಡುಕಾಗಲಿಲ್ಲ. ಮಲಗಿಯೇ ಇದ್ದವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಸ್ನಾಯು ಸೊರಗುವುದು, ಎದ್ದ ಕೂಡಲೇ ತಲೆ ಸುತ್ತುವುದು ಇವೆಲ್ಲ ಹೊಸ ಕಾಯಿಲೆಯಾಗಿ ಅಂಟಿಕೊಳ್ಳುತ್ತಿದ್ದವು. ನಿಮ್ಮನ್ನೂ ವಾರ್ಡಿನಲ್ಲೇ ನಾಲ್ಕು ಹೆಜ್ಜೆ ನಡೆಸಿರುತ್ತಾರೆ. ಮನೆಯಲ್ಲಿ ಅದನ್ನು ನಿಲ್ಲಿಸಬೇಕಿಲ್ಲ.

“ಹೆಚ್ಚು ನಡೆದಷ್ಟೂ ಬೇಗ ಗುಣ”

ಇದು ಮೊದಲಿನದಕ್ಕಿಂತ ಮೋಸದ ಮಾತು, ಏಕೆಂದರೆ ಅರ್ಧ ನಿಜ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಫೋನು ಹೇಳುತ್ತದೆ. ಹಾರ್ಟ್ ಅಟ್ಯಾಕ್ ಆಗಿ ಒಂದು ವಾರವಾದವರಿಗೆ ಆ ಲೆಕ್ಕ ಸಲ್ಲದು.

ಸಾಮಾನ್ಯವಾಗಿ ಕೊಡುವ ಅಳತೆ ಹೀಗೆ: ಮೊದಲ ವಾರ ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಮೂರು ಸಲ, ಹಜಾರದಲ್ಲೋ ಮನೆಯ ಮುಂದಿನ ಸಮತಟ್ಟು ಜಾಗದಲ್ಲೋ. ಎರಡನೇ ವಾರ 10 ನಿಮಿಷ, ಎರಡು ಸಲ. ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸುತ್ತ ಹೋದರೆ ಆರನೇ ವಾರಕ್ಕೆ ಒಂದೇ ಸಲ 30 ನಿಮಿಷ ನಡೆಯುವಂತಾಗುತ್ತೀರಿ. ಹತ್ತು ನಿಮಿಷ ದಾಟಿದ ಮೇಲೆ ಮೊದಲ ಮತ್ತು ಕೊನೆಯ ಎರಡು ಮೂರು ನಿಮಿಷ ನಿಧಾನವಾಗಿಯೇ ಇರಲಿ. ಬಿರುಸಾಗಿ ನಡೆದು ಗಕ್ಕನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಊಟವಾಗಿ ಒಂದು ಗಂಟೆಯಾದರೂ ಕಳೆದಿರಬೇಕು. ನಡು ಮಧ್ಯಾಹ್ನದ ಬಿಸಿಲೂ ಬೇಡ, ಮಾಗಿಯ ನಸುಕಿನ ಚಳಿಯೂ ಬೇಡ.

ವೇಗಕ್ಕೆ ಅಳತೆಗೋಲು ನಿಮ್ಮ ಬಾಯಲ್ಲೇ ಇದೆ. ಜೊತೆಯವರೊಡನೆ ಒಂದಿಡೀ ವಾಕ್ಯವನ್ನು ತಡವರಿಸದೆ ಹೇಳುವಂತಿದ್ದರೆ ವೇಗ ಸರಿ. ಮೂರು ಪದಕ್ಕೊಮ್ಮೆ ಉಸಿರೆಳೆಯುವಂತಾದರೆ ಜಾಸ್ತಿಯಾಯಿತು. ಕೈಗಡಿಯಾರದ ಪಲ್ಸ್ ನಂಬಿ ನಡೆಯುವವರಿದ್ದಾರೆ. ಆದರೆ ನಿಮಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿದ್ದರೆ ಅದರ ಕೆಲಸವೇ ಪಲ್ಸ್ ಏರದಂತೆ ತಡೆಯುವುದು. ಹೃದಯ ದಣಿದಿದ್ದರೂ ಗಡಿಯಾರ 80 ಎಂದೇ ತೋರಿಸೀತು.

ಒಬ್ಬರ ಉದಾಹರಣೆ ಇಟ್ಟುಕೊಳ್ಳೋಣ. 56 ವರ್ಷದ ದಿನಸಿ ಅಂಗಡಿಯವರು, ಮೂರನೇ ವಾರ, 15 ನಿಮಿಷದ ನಡಿಗೆ. ಮನೆಯಿಂದ ಅಂಗಡಿಗೆ ಇಳಿಜಾರು, ಹೋಗುವಾಗ ಆರಾಮ. ಬರುವಾಗ ಏರು, ಕೈಯಲ್ಲಿ ಐದು ಕೆ.ಜಿ. ಅಕ್ಕಿ ಚೀಲ. ಗೇಟಿನ ಹತ್ತಿರ ಮಗಳು ಕೇಳಿದ್ದಕ್ಕೆ ಉತ್ತರಿಸಲು ಉಸಿರು ಸಾಲಲಿಲ್ಲ. ಕೂತು ಹತ್ತು ನಿಮಿಷಕ್ಕೆ ಸರಿಹೋಯಿತು, ಆದರೆ ಸಂಜೆಯವರೆಗೂ ಮೈ ಭಾರ. ಎದೆನೋವಿಲ್ಲ, ಬೆವರಿಲ್ಲ. ಇದು ಇನ್ನೊಂದು ಅಟ್ಯಾಕ್ ಅಲ್ಲ, ಪ್ರಮಾಣ ಮೀರಿದ್ದು. ಹಾಗಾದಾಗ ನಡಿಗೆಯನ್ನು ಬಿಡುವುದಲ್ಲ, ಹಿಂದಿನ ವಾರದ 10 ನಿಮಿಷಕ್ಕೆ ಇಳಿದು ಅಲ್ಲೇ ಮೂರು ನಾಲ್ಕು ದಿನ ಇರುವುದು. ಕೈ ಖಾಲಿ, ದಾರಿ ಸಮತಟ್ಟು. ಏರು ತಪ್ಪಿಸಲಾಗದ ಊರಾದರೆ ಏರು ಹೋಗುವಾಗಲೇ ಬರಲಿ, ವಾಪಸಿಗೆ ಇಳಿಜಾರು ಇರಲಿ. ಅಷ್ಟು ಕಡಿಮೆ ಮಾಡಿದ ಮೇಲೂ ಮೊನ್ನೆ ಸಲೀಸಾಗಿದ್ದ ನಡಿಗೆಗೆ ಇವತ್ತು ಉಸಿರು ಕಟ್ಟಿದರೆ ವೈದ್ಯರಿಗೆ ತಿಳಿಸಲೇಬೇಕು.

“ಅದು ಗ್ಯಾಸು, ಒಂದು ಸೋಡಾ ಕುಡಿದರೆ ಹೋಗುತ್ತೆ”

ನಮ್ಮಲ್ಲಿ ಜೀವ ತೆಗೆಯುವ ನಂಬಿಕೆ ಇದ್ದರೆ ಇದೇ. ಎದೆಯ ನಡುವೆ ಒತ್ತಿದ ಹಾಗೆ, ಬಿಗಿದ ಹಾಗೆ, ಉರಿದ ಹಾಗೆ ಅನ್ನಿಸುವುದು, ಅದು ದವಡೆಗೆ, ಕುತ್ತಿಗೆಗೆ, ಎಡತೋಳಿಗೆ, ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು ಹೃದಯದ ಲಕ್ಷಣ. ಹೊಟ್ಟೆಯ ಮೇಲ್ಭಾಗದ ಕಾರಣಕ್ಕೇ ಗ್ಯಾಸಿನ ಹೆಸರು ಬರುವುದು. ತೇಗು ಬಂದು ಹಗುರಾಯಿತು ಎಂದರೂ ಅದು ಗ್ಯಾಸೇ ಎಂದಾಗಲಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಏದುಸಿರು, ವಿಪರೀತ ಸುಸ್ತು ಮಾತ್ರ ಇರಬಹುದು. ಮನೆಯಲ್ಲಿ ಕೂತು ಇದು ಯಾವುದೆಂದು ಹೇಳಲು ಸಾಧ್ಯವಿಲ್ಲ, ಇಸಿಜಿಯೇ ಬೇಕು. ಒಮ್ಮೆ ಅಟ್ಯಾಕ್ ಆದವರು ನೀವು; ಆಸ್ಪತ್ರೆಗೆ ಹೋಗಿ ಗ್ಯಾಸೇ ಎಂದು ತಿಳಿದು ಬಂದರೆ ನಾಚಿಕೆಪಡುವಂಥದ್ದೇನಿಲ್ಲ.

ಒತ್ತಿದರೆ ಒಂದೇ ಬಿಂದುವಿನಲ್ಲಿ ನೋಯುವ, ಉಸಿರೆಳೆದಾಗ ಚುಚ್ಚುವ ನೋವು ಸ್ನಾಯುವಿನದ್ದಾಗಿರಬಹುದು. ಆದರೆ ಆ ತೀರ್ಪನ್ನೂ ನೀವು ಕೊಡಬೇಡಿ.

“ಜೇಬಲ್ಲಿ ಸಾರ್ಬಿಟ್ರೇಟ್ ಇದೆಯಲ್ಲ, ಭಯವೇನು”

ಮಾತ್ರೆ ಬರೆದುಕೊಟ್ಟಿದ್ದರೆ ಜೇಬಲ್ಲಿರಬೇಕು, ಸರಿ. ನಡೆಯುವಾಗ ಎದೆ ಬಿಗಿದರೆ ಮನೆಯವರೆಗೆ ಹೋಗೋಣ ಎಂದು ಹೆಜ್ಜೆ ಹಾಕದೆ ಅಲ್ಲೇ ಕಟ್ಟೆಯ ಮೇಲೋ ಮೆಟ್ಟಿಲ ಮೇಲೋ ಕುಳಿತುಕೊಳ್ಳಿ. ಮಾತ್ರೆಯನ್ನು ನುಂಗದೆ ನಾಲಗೆಯ ಕೆಳಗಿಡಿ. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳುವವರಿದ್ದಾರೆ. ಹೇಳಲು ಮುಜುಗರವಾದರೂ ಹೇಳಬೇಕಾದ ಒಂದು ಮಾತು: ವಯಾಗ್ರದಂಥ ಮಾತ್ರೆ ತೆಗೆದುಕೊಳ್ಳುವವರು ಸಾರ್ಬಿಟ್ರೇಟ್ ಮುಟ್ಟಬಾರದು, ಎರಡೂ ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

5 ನಿಮಿಷ ನೋಡಿ. ನೋವು ಇಳಿಯದಿದ್ದರೆ ಅಥವಾ ಏರುತ್ತಿದ್ದರೆ 108ಕ್ಕೆ ಕರೆ ಮಾಡಿ. ಬೆವರು, ತಲೆಸುತ್ತು, ಏದುಸಿರು ಜೊತೆಗಿದ್ದರೆ ಆ ಐದು ನಿಮಿಷವೂ ಬೇಡ. ಸ್ವತಃ ಬೈಕು, ಕಾರು ಓಡಿಸಿಕೊಂಡು ಹೋಗಬೇಡಿ. ಜೋರಾಗಿ ಕೆಮ್ಮುತ್ತಿದ್ದರೆ ಅಟ್ಯಾಕ್ ನಿಲ್ಲುತ್ತದೆ ಎಂಬ ವಾಟ್ಸಾಪ್ ಸಂದೇಶ ಶುದ್ಧ ಸುಳ್ಳು. ಮಾತ್ರೆಗೆ ನೋವು ಇಳಿದರೂ ಅವತ್ತಿನ ನಡಿಗೆ ಮುಗಿಯಿತು, ಅವತ್ತೇ ವೈದ್ಯರಿಗೆ ತಿಳಿಸಿ. ಮಾತ್ರೆಗೆ ಇಳಿಯಿತು ಎಂಬುದು ರಕ್ತ ಸಾಲುತ್ತಿಲ್ಲ ಎಂಬುದರ ಸುಳಿವೂ ಆಗಿರಬಹುದು.

“ಎದೆ ನೋಯದಿದ್ದರೆ ಎಲ್ಲ ಸರಿ”

ಸದ್ದಿಲ್ಲದೆ ಬರುವ ಲಕ್ಷಣಗಳೂ ಇವೆ. ಪಂಪಿಂಗ್ ಸೋತಾಗ ನೀರು ಮೈಯಲ್ಲಿ ನಿಲ್ಲುತ್ತದೆ. ಸಂಜೆ ಪಾದ ಊದುತ್ತದೆ, ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ಎರಡು ಬೇಕಾಗುತ್ತದೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವಂತಾಗುತ್ತದೆ. ಇದಕ್ಕಿಂತ ಮೊದಲೇ ಹೇಳುವುದು ತೂಕದ ಯಂತ್ರ. ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ದಿನಾ ಹೆಚ್ಚುಕಡಿಮೆ ಅದೇ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಬರೆಯಿರಿ. ಮೂರು ದಿನದೊಳಗೆ 2 ಕೆ.ಜಿ. ಏರಿದರೆ ಅದು ಊಟದ ಕೊಬ್ಬಲ್ಲ, ನೀರು. ಮುಂದಿನ ಚೆಕಪ್ಪಿನವರೆಗೆ ಕಾಯದೆ ಅಂದೇ ಫೋನು ಮಾಡಿ, ವೈದ್ಯರು ಹೇಳುವವರೆಗೆ ನಡಿಗೆಯನ್ನು ನಿಲ್ಲಿಸಿ.