ಒಂದೇ ದಿನ ಹಲವು ಲಸಿಕೆ: ಎಳೆಗೂಸಿಗೆ ಭಾರವೇ?

ಆರು ವಾರದ ಕೂಸನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ಒಂದೇ ಭೇಟಿಯಲ್ಲಿ ಎರಡು ಬಗೆಯ ಬಾಯಿಹನಿಗಳನ್ನೂ ಮೂರು ಚುಚ್ಚುಮದ್ದುಗಳನ್ನೂ ಕೊಡುತ್ತಾರೆ. ಹನಿಗಳು ಪೋಲಿಯೋ ಹಾಗೂ ರೋಟಾವೈರಸ್ ಭೇದಿಗೆ. ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿನ ಚರ್ಮದೊಳಗೆ ಪೋಲಿಯೋ ಚುಚ್ಚುಮದ್ದು. ಪೆಂಟಾವೇಲೆಂಟ್ ಒಂದೇ ಐದು ರೋಗಗಳನ್ನು ತಡೆಯುತ್ತದೆ. “ನಾಲ್ಕು ಕಿಲೋ ಕೂಸು ಇಷ್ಟನ್ನು ತಾಳೀತೇ? ಇವತ್ತೊಂದು, ಮುಂದಿನ ಸಲ ಇನ್ನೊಂದು ಕೊಡಿಸಿದರಾಗದೇ?” ಎಂದು ಅಜ್ಜಿಯರು ಕೇಳುವುದು ಸಹಜ.

ವ್ಯಾಧಿಕ್ಷಮತ್ವವು ಬಳಸಿದಷ್ಟೂ ಬರಿದಾಗುವ ಕೊಡದ ನೀರಲ್ಲ. ರಕ್ತದಲ್ಲಿರುವ ರಕ್ಷಕ ಕಣಗಳಲ್ಲಿ ಅಸಂಖ್ಯ ಬಗೆಗಳಿವೆ. ಒಂದೊಂದು ಬಗೆಯೂ ತನಗೆ ಹೊಂದುವ ಒಂದು ಗುರುತನ್ನಷ್ಟೇ ಹಿಡಿಯುತ್ತದೆ. ಗಂಟಲಮಾರಿಯ ಗುರುತಿಗೆ ಎಚ್ಚೆತ್ತ ಕಣಗಳು ಬೇರೆ, ಧನುರ್ವಾಯುವಿಗೆ ಎಚ್ಚೆತ್ತವು ಬೇರೆ. ಒಂದರ ಕೆಲಸ ಮತ್ತೊಂದಕ್ಕೆ ಹೊರೆಯಾಗುವುದಿಲ್ಲ. ಹುಟ್ಟಿದ ಗಳಿಗೆಯಿಂದಲೇ ಕೂಸಿನ ಚರ್ಮದಲ್ಲಿ, ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ನೆಲೆಸುತ್ತವೆ; ಅದರ ಮುಂದೆ ಲಸಿಕೆಯ ಪಾಲು ಅತ್ಯಲ್ಪ.

ಇದು ಬರಿಯ ತರ್ಕವಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಯನ್ನೇ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಲಸಿಕೆಗೆ ಸಂಬಂಧಿಸದ ಬೇರೆ ಸೋಂಕುಗಳಿಂದ ಆಸ್ಪತ್ರೆ ಸೇರಿದ ಅಥವಾ ತುರ್ತು ಚಿಕಿತ್ಸೆ ಪಡೆದ 193 ಮಕ್ಕಳನ್ನು, ಹಾಗಾಗದ 751 ಮಕ್ಕಳೊಡನೆ ಹೋಲಿಸಲಾಯಿತು. ಎರಡೂ ಗುಂಪಿನ ಮಕ್ಕಳು ಲಸಿಕೆಗಳ ಮೂಲಕ ಪಡೆದ ರೋಗಗುರುತುಗಳ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿತ್ತು. ಲಸಿಕೆಯ ಭಾರದಿಂದ ರಕ್ಷಣೆ ಕುಗ್ಗುವುದಾಗಿದ್ದರೆ ಮೊದಲ ಗುಂಪಿನ ಮೊತ್ತ ಹೆಚ್ಚಿರಬೇಕಿತ್ತು.

ಹಾಗಾದರೆ ಸಂಜೆ ಜ್ವರವೇಕೆ? ನಮ್ಮ ಪೆಂಟಾವೇಲೆಂಟ್‌ನಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿಯೇ ಸೇರಿಸಿರುತ್ತಾರೆ. ಜ್ವರ, ತೊಡೆಯ ಊತ, ರಗಳೆ ಬಹುಮಟ್ಟಿಗೆ ಅದರಿಂದಲೇ ಬರುತ್ತವೆ. ಇವು ದೇಹವು ಸೋತುದರ ಲಕ್ಷಣವಲ್ಲ, ಸ್ಪಂದಿಸುತ್ತಿರುವುದರ ಲಕ್ಷಣ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಎದೆಹಾಲು ನಿಲ್ಲಿಸಬಾರದು, ಪ್ಯಾರಾಸಿಟಮಾಲ್ ಹನಿಯನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಬೇಕು.

ಬಿಡಿಬಿಡಿಯಾಗಿ ಕೊಡಿಸಿದರೆ ಏನಾದೀತೆಂದು ಲೆಕ್ಕ ಹಾಕೋಣ. ಐದನ್ನು ಎರಡೆರಡು ವಾರಕ್ಕೊಂದರಂತೆ ಹಂಚಿದರೆ ಕೊನೆಯದರ ಮೊದಲ ಸರದಿ ಬರುವುದು ಹದಿನಾಲ್ಕನೆಯ ವಾರದಲ್ಲಿ. ವೇಳಾಪಟ್ಟಿಯಂತೆ ನಡೆದ ಮಗುವಿಗೆ ಅಷ್ಟರೊಳಗೆ ಪೆಂಟಾವೇಲೆಂಟ್‌ನ ಮೂರೂ ಸರದಿಗಳು ಮುಗಿದಿರುತ್ತವೆ. ನಾಯಿಕೆಮ್ಮು ಪ್ರಾಣಕ್ಕೆರವಾಗುವುದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿಯೇ. ಪೆಂಟಾವೇಲೆಂಟನ್ನೇ ಹಿಂದಕ್ಕೆ ತಳ್ಳಿದರೆ ಕೂಸು ಆ ತಿಂಗಳುಗಳಲ್ಲಿ ರಕ್ಷಣೆಯಿಲ್ಲದೆ ಉಳಿಯುತ್ತದೆ.

ಸಣ್ಣ ನೆಗಡಿ ಲಸಿಕೆ ಮುಂದೂಡಲು ಕಾರಣವಲ್ಲ. ತೀವ್ರ ಜ್ವರವಿದ್ದರೆ, ಹಿಂದಿನ ಸರದಿಯಲ್ಲಿ ಉಸಿರಾಟದ ತೊಂದರೆ ಅಥವಾ ಫಿಟ್ಸ್ ಬಂದಿದ್ದರೆ, ಹುಟ್ಟಿನಿಂದ ರೋಗನಿರೋಧಕ ದೋಷವಿದ್ದರೆ ಮೊದಲೇ ತಿಳಿಸಬೇಕು. ಲಸಿಕೆಯ ಬಳಿಕ ಅರ್ಧ ಗಂಟೆ ಕೇಂದ್ರದಲ್ಲೇ ಇರಬೇಕು. ಮನೆಗೆ ಬಂದ ಮೇಲೆ ಮಗು ಎದೆಹಾಲು ಕುಡಿಯದಿದ್ದರೆ, ಜೋಲು ಬಿದ್ದರೆ, ಮೂರು ಗಂಟೆಗೂ ಮೀರಿ ಎಡೆಬಿಡದೆ ಅತ್ತರೆ, ಎರಡು ದಿನ ಕಳೆದರೂ ಜ್ವರವಿದ್ದರೆ ತಾಯಿ ಕಾರ್ಡ್ ಹಿಡಿದು ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು.