ಒಂದೂವರೆ ಡಜನ್ ಬಳೆಯ ಲೆಕ್ಕ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿಗಳ ಸಾಲಿಗೆ ಬಂದರೆ ಮಕ್ಕಳಿಗೆ ಎರಡು ಬಗೆಯ ಬೆಲೆ ಒಟ್ಟಿಗೇ ಎದುರಾಗುತ್ತದೆ. ಬಳೆಗೆ ಡಜನ್ ಲೆಕ್ಕ, ಕ್ಲಿಪ್ಪಿಗೆ ಬಿಡಿ ಲೆಕ್ಕ. ಅಜ್ಜಿಯ ಜತೆ ಬಂದ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಕೈಯಲ್ಲಿ 200 ರೂಪಾಯಿಯ ನೋಟಿದೆ ಎಂದುಕೊಳ್ಳಿ.

"ಒಂದೂವರಿ ಡಜನ್ ಕೊಡಪಾ" ಎಂದಳು ಅಜ್ಜಿ. ಡಜನ್ನಿಗೆ 60. ಶಾಲೆಯ ದಾರಿ ಹಿಡಿದರೆ ಮೊದಲು ಒಂದು ಬಳೆಗೆ 5 ಎಂದು ಕಂಡುಹಿಡಿದು, ಆಮೇಲೆ 18ರಿಂದ ಗುಣಿಸಬೇಕು. ಹುಡುಗಿ ಅಷ್ಟು ಸುತ್ತಲಿಲ್ಲ: "ಅರವತ್ತು, ಅದರರ್ಧ ಮೂವತ್ತು, ತೊಂಬತ್ತು." ಡಜನ್ನಿಗೆ 50 ಇದ್ದರೂ ಈ ದಾರಿ ನಡೆಯುತ್ತದೆ, ಅರ್ಧಕ್ಕೆ 25. ಆದರೆ 50ನ್ನು 12ರಿಂದ ಭಾಗಿಸಲು ಕೂತವರಿಗೆ ಸರಿಯಾದ ಪೈಸೆಯೇ ಸಿಗುವುದಿಲ್ಲ. ಎಡವುವ ಜಾಗ ಬೇರೆ ಇದೆ. ಹತ್ತರ ಲೆಕ್ಕದಲ್ಲೇ ಬೆಳೆದ ಮಕ್ಕಳು ಒಂದೂವರೆ ಡಜನ್ ಅಂದರೆ 15 ಎಂದುಕೊಂಡುಬಿಡುತ್ತಾರೆ. ಬಳೆ ಎಣಿಸಿಕೊಳ್ಳುವಾಗ ಮೂರು ಕಡಿಮೆ ಬಂದರೂ ಗೊತ್ತಾಗುವುದಿಲ್ಲ.

ಹೀಗೆ ಕಟ್ಟುಕಟ್ಟಾಗಿ ಕೂಡುವುದನ್ನು ಬ್ರೆಜಿಲ್ಲಿನ ರೆಸೀಫೆ ಪಟ್ಟಣದ ಬೀದಿಗಳಲ್ಲಿ ಸಂಶೋಧಕರು ಗಮನಿಸಿ 1985ರಲ್ಲಿ ಬರೆದಿದ್ದಾರೆ. ಒಂದಕ್ಕೆ 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟು ಎಂದು ಕೇಳಿದಾಗ, ಅಲ್ಲಿನ ಹುಡುಗ ಮುಂದೆ ಸೊನ್ನೆ ಹಚ್ಚಲಿಲ್ಲ. ಮೂರಕ್ಕೆ 105, ಇನ್ನೂ ಮೂರು ಸೇರಿ 210, ಹೀಗೆ ಏರುತ್ತ 350 ಮುಟ್ಟಿದ.

ಇನ್ನು ಕ್ಲಿಪ್ಪು. ಬಿಡಿಗೆ 4, ಡಜನ್ ತೊಗೊಂಡರೆ 40. ಹುಡುಗಿಗೆ ಬೇಕಿದ್ದದ್ದು ಒಂಬತ್ತು, ಅಂದರೆ 36. ಹತ್ತನೆಯದಕ್ಕೆ ಬಿಡಿ ಬೆಲೆಯೂ 40 ಆಗುತ್ತದೆ, ಅಲ್ಲಿಂದಾಚೆಗೆ ಬಿಡಿ ಕೊಳ್ಳುವುದು ನಷ್ಟವೇ. ಇನ್ನು 4 ರೂಪಾಯಿಗೆ ಮೂರು ಕ್ಲಿಪ್ ಸಿಗುವುದನ್ನು ನೋಡಿ ಅವಳು ಡಜನ್ನೇ ತೆಗೆದುಕೊಂಡಳು. ಮೂರೂ ತಲೆಗೇರುವವೇ ಆದ್ದರಿಂದ ಅದು ಸರಿ. ಬೇಡದ ಸಾಮಾನಾದರೆ 36 ಕೊಟ್ಟು ಬರುವುದೇ ಉಳಿತಾಯ. ಜತೆಗೆ 8 ರೂಪಾಯಿಯ ಟಿಕಳಿ. ಒಟ್ಟು 138.

ಚಿಲ್ಲರೆ ಎಷ್ಟು ಬರಬೇಕು? ಕಾಗದದ ಮೇಲೆ 200ರಲ್ಲಿ 138 ಕಳೆಯುವಾಗ ಮಕ್ಕಳು ಸೊನ್ನೆಯ ಮೇಲೆ ದಶಕ ತಂದುಕೊಂಡಿದ್ದನ್ನು ಮರೆತು 72 ಎಂದು ಬರೆಯುವುದು ಸಾಮಾನ್ಯ. ಈ ಹುಡುಗಿ ಕಳೆಯಲೇ ಇಲ್ಲ. 138ರಿಂದ ಮೇಲಕ್ಕೆ ಏರಿದಳು: ಎರಡು ಹಾಕಿದರೆ 140, ಹತ್ತು ಹಾಕಿದರೆ 150, ಐವತ್ತು ಹಾಕಿದರೆ 200.

ಗದ್ದಲದಲ್ಲಿ ಅಂಗಡಿಯವರು ಎರಡರ ನಾಣ್ಯ, ಐವತ್ತರ ನೋಟು ಕೊಟ್ಟು ಮುಂದಿನ ಗಿರಾಕಿಯ ಕಡೆ ತಿರುಗಿದರು. ಅವಳು ಮತ್ತೆ ಏರಿಸಿದಳು. 140 ಆಯಿತು, 190ಕ್ಕೆ ನಿಂತಿತು.

"ಮಾಮಾ, ಇನ್ನೂ ಹತ್ತ ರೂಪಾಯಿ ಬರಬೇಕ್ರಿ."

"ಹೌದಲ್ಲ ನಮ್ಮವ್ವಾ!" ಎನ್ನುತ್ತ ಅವರು ಗಲ್ಲಾಪೆಟ್ಟಿಗೆಗೆ ಕೈ ಹಾಕಿದರು.